ಒಂದೇ ಸೀಳು: ಗೋಡೆಯ ಮೇಲೆ, ಕಣ್ಣಿನ ಮುಂದೆ, ಟೆಲಿಸ್ಕೋಪಿನ ಬಾಯಲ್ಲಿ

ಸೀಳು ಕಿರಿದಾದಷ್ಟೂ ಅದರಿಂದ ಹೊರಬರುವ ಬೆಳಕು ಅಗಲಕ್ಕೆ ಹರಡುತ್ತದೆ. ಇದೇ ವಿವರ್ತನೆ. ಪಠ್ಯಪುಸ್ತಕದಲ್ಲಿ ಇದು ಒಂದು ಕಡೆ ಇರುತ್ತದೆ: ಒಂಟಿ ಸೀಳು, ಪರದೆ, ನಡುವೆ ಅಗಲವಾದ ಬೆಳಕಿನ ಪಟ್ಟಿ, ಒಂದು ಸೂತ್ರ. ಕೆಲವು ಪುಟ ದಾಟಿದ ಮೇಲೆ ಟೆಲಿಸ್ಕೋಪಿನ ಪೃಥಕ್ಕರಣ ಮಿತಿ ಬರುತ್ತದೆ, ಅಂದರೆ ಎರಡು ಚುಕ್ಕಿಗಳನ್ನು ಬೇರೆ ಬೇರೆಯಾಗಿ ತೋರಿಸಬಲ್ಲ ಅತಿ ಸಣ್ಣ ಕೋನ. ಅಲ್ಲಿ ಇನ್ನೊಂದು ಸೂತ್ರ, ಅದರೊಳಗೆ ಎಲ್ಲಿಂದಲೋ ಬಂದ 1.22. ಓದುವವರಿಗೆ ಇವೆರಡೂ ಬೇರೆ ಬೇರೆ ಪಾಠ ಅನ್ನಿಸಿದರೆ ಆಶ್ಚರ್ಯ ಇಲ್ಲ.

ಎರಡೂ ಒಂದೇ ವಿಷಯ. ಅದನ್ನು ಕೈಯಾರೆ ನೋಡುವ ಸುಲಭದ ದಾರಿ ಇದೆ. ಒಂದು ಸೀಳು ಮಾಡಿ, ಮೊದಲು ಲೇಸರ್ ಬೆಳಕಿನಲ್ಲಿ ಅದರ ಅಗಲ ಅಳೆಯಿರಿ. ಆಮೇಲೆ ಅದೇ ಸೀಳನ್ನು ನಿಮ್ಮ ಕಣ್ಣಿನ ಮುಂದೆ ಹಿಡಿದು, ಎರಡು ಚುಕ್ಕಿಗಳು ಬೆರೆತು ಒಂದಾಗುವುದನ್ನು ನೋಡಿ. ಕೊನೆಗೆ ಅಂಥದ್ದೇ ಒಂದು ಸೀಳನ್ನು ಸಣ್ಣ ಟೆಲಿಸ್ಕೋಪಿನ ಬಾಯಿಗೆ ಕಟ್ಟಿ, ಜೋಡಿ ನಕ್ಷತ್ರವನ್ನು ಒಂಟಿ ಮಾಡಿ. ಮೊದಲ ಎರಡಕ್ಕೆ ಒಂದು ಸಂಜೆ ಸಾಕು.

ಸೀಳು ಮಾಡುವುದು

ಬೇಕಾದ ಸಾಮಾನು ಕಡಿಮೆ: ದಪ್ಪ ರಟ್ಟು, ಅಲ್ಯೂಮಿನಿಯಂ ಫಾಯಿಲ್, ಹೊಸ ಬ್ಲೇಡು, ಸ್ಟೀಲ್ ಸ್ಕೇಲು, ಅಂಟು ಟೇಪು. ರಟ್ಟಿನಲ್ಲಿ ಒಂದೂವರೆ ಸೆಂಟಿಮೀಟರ್ ಅಗಲದ ಕಿಟಕಿ ಕತ್ತರಿಸಿ. ಫಾಯಿಲ್ ತುಂಡನ್ನು ಸುಕ್ಕಿಲ್ಲದಂತೆ ಗಾಜಿನ ಮೇಲೆ ಹಾಸಿ. ಸ್ಕೇಲು ಒತ್ತಿ ಹಿಡಿದು, ಬ್ಲೇಡಿನ ಮೂಲೆಯಿಂದ ಒಂದು ಸೆಂಟಿಮೀಟರ್ ಉದ್ದದ ಗೆರೆಯನ್ನು ಒಂದೇ ಸಲಕ್ಕೆ ಎಳೆಯಿರಿ. ಎರಡನೇ ಸಲ ಅದೇ ಜಾಗದಲ್ಲಿ ಎಳೆಯಬೇಡಿ, ಅಂಚು ಹರಿಯುತ್ತದೆ. ಮೆತ್ತನೆಯ ಪುಸ್ತಕದ ಮೇಲೆ ಕತ್ತರಿಸಿದರೂ ಇದೇ ಗತಿ. ಫಾಯಿಲ್ ಒಳಕ್ಕೆ ಬಾಗಿ ಅಂಚು ಮಡಚಿಕೊಳ್ಳುತ್ತದೆ.

ಕತ್ತರಿಸಿದ ಫಾಯಿಲನ್ನು ಕಿಟಕಿಯ ಮೇಲೆ ಅಂಟಿಸಿ ಬೆಳಕಿಗೆ ಹಿಡಿಯಿರಿ. ಕೂದಲಿನಂಥ ಒಂದು ಬೆಳ್ಳನೆ ಗೆರೆ ಕಾಣಬೇಕು. ಏನೂ ಕಾಣದಿದ್ದರೆ ಫಾಯಿಲನ್ನು ಅಕ್ಕಪಕ್ಕಕ್ಕೆ ಒಂಚೂರು ಎಳೆದು ಮತ್ತೆ ಅಂಟಿಸಿ.

ಪ್ರಯೋಗಾಲಯಗಳಲ್ಲಿ ಎರಡು ಬ್ಲೇಡುಗಳನ್ನು ಎದುರುಬದುರು ಅಂಟಿಸಿ ಸೀಳು ಮಾಡುವುದುಂಟು. ಅದರ ಅಂಚು ಇದಕ್ಕಿಂತ ಚೆನ್ನಾಗಿರುತ್ತದೆ. ಆದರೆ ಈ ಸೀಳನ್ನು ಮುಂದೆ ಕಣ್ಣಿನ ಹತ್ತಿರ ಹಿಡಿಯಬೇಕು. ಅಲ್ಲಿ ಬ್ಲೇಡು ಬೇಡವೇ ಬೇಡ.

ಗೋಡೆಯ ಮೇಲೆ ಅಳೆಯುವುದು

ಕೆಂಪು ಲೇಸರ್ ಪಾಯಿಂಟರ್ ಒಂದನ್ನು ಮೇಜಿನ ಮೇಲೆ ಅಲ್ಲಾಡದಂತೆ ಕೂರಿಸಿ. ಗುಂಡಿ ಒತ್ತಿಕೊಂಡೇ ಇರಲು ಬಟ್ಟೆ ಕ್ಲಿಪ್ಪು ಸಾಕು. ಲೇಸರಿನ ಮುಂದೆ ಹತ್ತು ಸೆಂಟಿಮೀಟರ್ ದೂರದಲ್ಲಿ ಸೀಳನ್ನು ನೆಟ್ಟಗೆ ನಿಲ್ಲಿಸಿ. ಸೀಳಿನಿಂದ ಮೂರು ಮೀಟರ್ ದೂರದ ಗೋಡೆಗೆ ಬಿಳಿ ಹಾಳೆ ಅಂಟಿಸಿ, ದೀಪ ಆರಿಸಿ. ಒಂದು ಎಚ್ಚರಿಕೆ: ಲೇಸರ್ ಉರಿಯುತ್ತಿರುವಾಗ ಯಾರೂ ಸೀಳಿನ ಮೂಲಕ ಅದರ ಕಡೆ ನೋಡಬಾರದು. ಫಾಯಿಲಿನಿಂದ ಹಿಂದಕ್ಕೆ ಚಿಮ್ಮುವ ಬೆಳಕೂ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ.

ಸೀಳು ನಿಂತಿರುವುದು ಉದ್ದುದ್ದ, ಆದರೆ ಬೆಳಕು ಹರಡುವುದು ಅಡ್ಡಡ್ಡ. ಸೀಳು ಬೆಳಕನ್ನು ಯಾವ ದಿಕ್ಕಿನಲ್ಲಿ ಹಿಂಡಿದೆಯೋ ಆ ದಿಕ್ಕಿನಲ್ಲೇ ಅದು ಹರಡುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಾಳೆಯ ಮೇಲೆ ನಡುವೆ ಒಂದು ಉದ್ದನೆ ಪ್ರಕಾಶಮಾನ ಪಟ್ಟಿ ಇರುತ್ತದೆ. ಇದು ಕೇಂದ್ರ ಗರಿಷ್ಠ. ಅದರ ಎರಡೂ ಬದಿಗೆ ಕಪ್ಪು ಜಾಗ, ಆಮೇಲೆ ಚಿಕ್ಕ ಪಟ್ಟಿ, ಮತ್ತೆ ಕಪ್ಪು, ಮತ್ತೆ ಚಿಕ್ಕ ಪಟ್ಟಿ. ಬದಿಯ ಪಟ್ಟಿಗಳ ಅಗಲ ನಡುವಿನದರ ಅರ್ಧ. ಕಣ್ಣಿಗೆ ಬದಿಯ ಪಟ್ಟಿಗಳೂ ಜೋರಾಗೇ ಕಾಣಬಹುದು. ನಿಜವಾಗಿ ಮೊದಲನೇ ಬದಿ ಪಟ್ಟಿಯ ಹೊಳಪು ನಡುವಿನದರ ಶೇ 5ಕ್ಕಿಂತ ಕಡಿಮೆ, ಎರಡನೆಯದು ಶೇ 2ನ್ನೂ ಮುಟ್ಟುವುದಿಲ್ಲ. ಕಣ್ಣು ಹೊಳಪಿನ ದೊಡ್ಡ ವ್ಯತ್ಯಾಸಗಳನ್ನು ತಗ್ಗಿಸಿ ತೋರಿಸುತ್ತದೆ, ಅಷ್ಟೇ.

ಮೊದಲ ಕಪ್ಪು ಎಲ್ಲಿ ಬೀಳುತ್ತದೆ? ಸೀಳನ್ನು ಮನಸ್ಸಿನಲ್ಲೇ ಎಡ ಅರ್ಧ, ಬಲ ಅರ್ಧ ಎಂದು ಭಾಗ ಮಾಡಿ. ಒಂದು ದಿಕ್ಕಿಗೆ ಓರೆಯಾಗಿ ಹೋಗುವ ಬೆಳಕನ್ನು ಗಮನಿಸಿ. ಸೀಳಿನ ಒಂದು ಅಂಚಿನಿಂದ ಹೊರಟ ಅಲೆ ಇನ್ನೊಂದು ಅಂಚಿನದಕ್ಕಿಂತ ಸರಿಯಾಗಿ ಒಂದು ತರಂಗದೂರದಷ್ಟು ಜಾಸ್ತಿ ದಾರಿ ಸಾಗುವ ಓರೆ ಅದು ಎಂದುಕೊಳ್ಳಿ. ಆಗ ಎಡ ಅರ್ಧದ ಪ್ರತಿ ಬಿಂದುವಿಗೂ ಬಲ ಅರ್ಧದಲ್ಲಿ ಒಂದು ಜೊತೆಗಾರ ಬಿಂದು ಸಿಗುತ್ತದೆ. ಆ ಇಬ್ಬರ ದಾರಿಯ ಅಂತರ ಅರ್ಧ ತರಂಗದೂರ. ಒಬ್ಬರ ಏರು ಇನ್ನೊಬ್ಬರ ತಗ್ಗಿನ ಮೇಲೆ ಬಿದ್ದು ಇಬ್ಬರೂ ಅಳಿಸಿಹೋಗುತ್ತಾರೆ. ಹೀಗೆ ಜೋಡಿ ಜೋಡಿಯಾಗಿ ಇಡೀ ಸೀಳಿನ ಬೆಳಕು ಆ ದಿಕ್ಕಿನಲ್ಲಿ ಸೊನ್ನೆ ಆಗುತ್ತದೆ.

ಸೀಳಿನ ಅಗಲ a, ತರಂಗದೂರ λ, ಬೆಳಕಿನ ಓರೆಯ ಕೋನ θ, ಸೀಳಿನಿಂದ ಗೋಡೆಗೆ ದೂರ L ಎಂದರೆ:

```
a sin θ = mλ        (m = 1, 2, 3 ... ಕಪ್ಪು ಜಾಗಗಳು)
W = 2λL / a         (ಕೇಂದ್ರ ಗರಿಷ್ಠದ ಅಗಲ)
```

ನಡುವಿನ ಪಟ್ಟಿಗೆ ಮಾತ್ರ ಎರಡು ಪಟ್ಟು ಅಗಲ ಏಕೆ ಅಂದರೆ m = 0 ಎಂಬ ಕಪ್ಪು ಇಲ್ಲ. ನೇರ ದಿಕ್ಕಿನಲ್ಲಿ ಎಲ್ಲ ಅಲೆಗಳೂ ಒಟ್ಟಿಗೇ ಬರುತ್ತವೆ, ಅಲ್ಲಿ ಅಳಿಸುವವರೇ ಇಲ್ಲ. ಹಾಗಾಗಿ ಎಡಗಡೆಯ ಮೊದಲ ಕಪ್ಪಿನಿಂದ ಬಲಗಡೆಯ ಮೊದಲ ಕಪ್ಪಿನವರೆಗೆ ಪೂರಾ ಜಾಗ ನಡುವಿನ ಪಟ್ಟಿಯದ್ದೇ.

ಈಗ ಅಳತೆ. ಅಗಲ ಎಂದರೆ ಕಪ್ಪಿನ ನಡುವಿನಿಂದ ಕಪ್ಪಿನ ನಡುವಿಗೆ. ಬೆಳಕಿನ ಪಟ್ಟಿ "ಮುಗಿದಂತೆ ಕಾಣುವ" ಜಾಗವನ್ನು ಗುರುತು ಮಾಡಬೇಡಿ. ಅದು ಲೇಸರ್ ಎಷ್ಟು ಜೋರಾಗಿದೆ, ಕೋಣೆ ಎಷ್ಟು ಕತ್ತಲಿದೆ ಎಂಬುದರ ಮೇಲೆ ಸರಿದಾಡುತ್ತದೆ. ಕಪ್ಪಿನ ನಡು ಮಾತ್ರ ಅಲ್ಲಾಡುವುದಿಲ್ಲ. ಫೋನಿನಲ್ಲಿ ಫೋಟೋ ತೆಗೆದು ಅಳೆಯುವವರು ಎಕ್ಸ್‌ಪೋಶರ್ ಪೂರ್ತಿ ಇಳಿಸಿ. ಇಲ್ಲದಿದ್ದರೆ ನಡುವಿನ ಹೊಳಪು ಪಕ್ಕದ ಕಪ್ಪನ್ನು ನುಂಗಿಬಿಡುತ್ತದೆ.

ಒಂದು ಉದಾಹರಣೆ ಮಾಡೋಣ. ಪಾಯಿಂಟರಿನ ಬೆಳಕು 650 ನ್ಯಾನೋಮೀಟರ್, L 3 ಮೀಟರ್. ಹಾಳೆಯ ಮೇಲೆ ಪೆನ್ಸಿಲ್ ಗುರುತುಗಳ ನಡುವೆ 19 ಮಿಲಿಮೀಟರ್ ಬಂತು ಎಂದುಕೊಳ್ಳಿ.

```
a = 2λL / W
  = 2 × 650e-9 × 3 / 0.019
  = 2.05e-4 m  ≈ 0.2 mm
```

19ರಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ಉತ್ತರದಲ್ಲಿ ಶೇ 5 ತಪ್ಪು. ಇದನ್ನು ಕಡಿಮೆ ಮಾಡಲು ಎಡಗಡೆಯ ಮೂರನೇ ಕಪ್ಪಿನಿಂದ ಬಲಗಡೆಯ ಮೂರನೇ ಕಪ್ಪಿಗೆ ಅಳೆಯಿರಿ. ಆ ದೂರ 6λL/a. ಅದು 58 ಮಿಲಿಮೀಟರ್ ಬಂದರೆ a = 0.202 ಮಿಲಿಮೀಟರ್. ಅದೇ ಒಂದು ಮಿಲಿಮೀಟರ್ ತಪ್ಪು ಈಗ ಶೇ 2ಕ್ಕೂ ಕಡಿಮೆ. ಇಲ್ಲಿಂದ ಮುಂದೆ ಉಳಿಯುವ ದೊಡ್ಡ ಅನುಮಾನ ಲೇಸರಿನದ್ದೇ. ಎಷ್ಟೋ ಪಾಯಿಂಟರುಗಳ ಚೀಟಿಯ ಮೇಲೆ ಒಂದು ಸಂಖ್ಯೆಯ ಬದಲು 630ರಿಂದ 680 ಎಂದು ಇರುತ್ತದೆ. 650 ಎಂದು ಹಿಡಿದರೆ ಉತ್ತರದಲ್ಲಿ ಶೇ 3–4 ಆಚೀಚೆ ಆಗಬಹುದು. ನಮ್ಮ ಕೆಲಸಕ್ಕೆ ಅದು ತೊಂದರೆಯಲ್ಲ.

ಚಿತ್ರ ಸರಿ ಬರದಿದ್ದರೆ ಸಾಮಾನ್ಯವಾಗಿ ಕಾರಣ ಎರಡರಲ್ಲಿ ಒಂದು. ಸೀಳು ಒಂದು ತುದಿಯಲ್ಲಿ ಕಿರಿದು, ಇನ್ನೊಂದು ತುದಿಯಲ್ಲಿ ಅಗಲ ಇದ್ದರೆ ಪಟ್ಟಿಗಳು ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುತ್ತವೆ. ಲೇಸರನ್ನು ಸೀಳಿನ ಉದ್ದಕ್ಕೂ ಮೇಲೆ ಕೆಳಗೆ ಸರಿಸಿ ನೋಡಿ. ಚಿತ್ರ ಹಿಗ್ಗಿ ಕುಗ್ಗಿದರೆ ಸೀಳು ಓರೆಯಾಗಿದೆ ಅಂತಲೇ ಅರ್ಥ. ಇದು ದೋಷವಾದರೂ ನೋಡಲು ಮಜವಾಗಿದೆ: ಸೀಳು ಕಿರಿದಾದ ಕಡೆಗೆ ಹೋದಂತೆ ಗೋಡೆಯ ಪಟ್ಟಿ ಅಗಲವಾಗುತ್ತಾ ಹೋಗುತ್ತದೆ. ಸೂತ್ರದಲ್ಲಿ a ಕೆಳಗಿರುವುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವುದು ಕಷ್ಟ.

ಎರಡನೇ ಕಾರಣ, ಸೀಳು ತೀರಾ ಅಗಲ ಇರುವುದು. ಈ ಸೂತ್ರ ನಡೆಯುವುದು ಗೋಡೆ a²/λ ಎಂಬ ದೂರಕ್ಕಿಂತ ಎಷ್ಟೋ ಆಚೆ ಇದ್ದಾಗ ಮಾತ್ರ. 0.2 ಮಿಲಿಮೀಟರ್ ಸೀಳಿಗೆ ಆ ದೂರ ಬರೀ 6 ಸೆಂಟಿಮೀಟರ್. ಸೀಳು 1 ಮಿಲಿಮೀಟರ್ ಇದ್ದರೆ ಅದು ಒಂದೂವರೆ ಮೀಟರಿಗೆ ಏರುತ್ತದೆ. ಮೂರು ಮೀಟರಿನ ಗೋಡೆ ಆಗ ಸಾಲದು. ಪಟ್ಟಿಗಳು ಕಾಣದೆ, ಅಂಚು ಕಲಸಿದ ಒಂದು ಗೆರೆ ಬೀಳುತ್ತದೆ.

ಗೋಡೆಯಿಂದ ಕಣ್ಣಿಗೆ

L ಮತ್ತು W ಎರಡನ್ನೂ ಈಗ ಮರೆತುಬಿಡಿ. ಸೀಳಿಗೆ ಗೊತ್ತಿರುವುದು ಕೋನ ಮಾತ್ರ. ಕೋನ ಇಷ್ಟು ಸಣ್ಣದಿದ್ದಾಗ sin θ ಬದಲು ರೇಡಿಯನ್ನಿನಲ್ಲಿ θ ಎಂದೇ ಹಿಡಿಯಬಹುದು, ಹಾಗಾಗಿ ನಡುವಿನ ಪಟ್ಟಿಯ ನಡುವಿನಿಂದ ಮೊದಲ ಕಪ್ಪಿನವರೆಗಿನ ಕೋನ λ/a. ಗೋಡೆ ಇದ್ದರೂ ಅಷ್ಟೇ, ಅದರ ಜಾಗದಲ್ಲಿ ಕಣ್ಣಿನ ಲೆನ್ಸು, ರೆಟಿನಾ ಇದ್ದರೂ ಅಷ್ಟೇ.

ದೂರದಲ್ಲಿ ಎರಡು ಬೆಳಕಿನ ಚುಕ್ಕಿಗಳಿವೆ, ನೀವು ಸೀಳಿನ ಮೂಲಕ ನೋಡುತ್ತಿದ್ದೀರಿ ಅನ್ನಿ. ಪ್ರತಿ ಚುಕ್ಕಿಯೂ ರೆಟಿನಾದ ಮೇಲೆ ತನ್ನದೇ ಒಂದು ಅಗಲ ಪಟ್ಟಿ ಬಿಡಿಸುತ್ತದೆ. ಚುಕ್ಕಿಗಳ ನಡುವಿನ ಕೋನ λ/aಗಿಂತ ಜಾಸ್ತಿ ಇದ್ದರೆ ಎರಡು ಪಟ್ಟಿ ಬೇರೆ ಬೇರೆ ಕಾಣುತ್ತವೆ. ತುಂಬಾ ಕಡಿಮೆ ಇದ್ದರೆ ಬೆರೆತು ಒಂದೇ ಆಗುತ್ತವೆ. ನಡುವೆ ಎಲ್ಲೋ ಒಂದು ಗಡಿ ಹಾಕಬೇಕಲ್ವಾ? ಭೌತವಿಜ್ಞಾನಿ ರ‍್ಯಾಲೀ 1879ರಲ್ಲಿ ಹಾಕಿದ ಗಡಿ ಇದು: ಒಂದು ಪಟ್ಟಿಯ ನಡು ಇನ್ನೊಂದರ ಮೊದಲ ಕಪ್ಪಿನ ಮೇಲೆ ಬಿದ್ದರೆ, ಅವೆರಡು ಬೇರೆ ಎಂದು ಗುರುತಿಸಲು ಅದೇ ಕೊನೆ. ಸೀಳಿನ ಲೆಕ್ಕದಲ್ಲಿ ಆಗ ಎರಡು ಶಿಖರಗಳ ನಡುವಿನ ತಗ್ಗಿನಲ್ಲಿ ಹೊಳಪು ಶಿಖರದ ಶೇ 81 ಇರುತ್ತದೆ. ಆ ತಗ್ಗನ್ನು ಕಣ್ಣು ಗುರುತಿಸಬಲ್ಲದು. ಇದು ಪ್ರಕೃತಿಯ ಕಟ್ಟಳೆ ಅಲ್ಲ, ಅನುಕೂಲಕ್ಕೆ ಎಳೆದ ಗೆರೆ.

ಇದನ್ನು ಮಾಡಿ ನೋಡಲು ಇನ್ನೊಂದು ಫಾಯಿಲ್ ತುಂಡು ಬೇಕು. ಅದರಲ್ಲಿ ಸೂಜಿಯ ತುದಿಯಿಂದ ಎರಡು ಸಣ್ಣ ತೂತು ಚುಚ್ಚಿ, ನಡುವಿನಿಂದ ನಡುವಿಗೆ 2 ಮಿಲಿಮೀಟರ್. ಸೂಜಿಯನ್ನು ಪೂರ್ತಿ ಒಳಗೆ ತೂರಿಸಬೇಡಿ, ತೂತು ಅರ್ಧ ಮಿಲಿಮೀಟರಿಗಿಂತ ದೊಡ್ಡದಾಗಬಾರದು. ಫಾಯಿಲಿನ ಹಿಂದೆ ಒತ್ತಿಕೊಂಡಂತೆ ತೆಳು ಬಿಳಿ ಕಾಗದ, ಅದರ ಹಿಂದೆ ಜೋರು ಟಾರ್ಚು. ಕಾಗದ ಬಿಡಬೇಡಿ. ಟಾರ್ಚಿನ ಸಣ್ಣ ಎಲ್‌ಇಡಿಯಿಂದ ನೇರ ಬಂದ ಬೆಳಕಾದರೆ ಎರಡು ತೂತಿನ ಅಲೆಗಳು ಒಂದಕ್ಕೊಂದು ತಾಳ ಹಾಕಿಕೊಂಡು ಬರುವ ಸಾಧ್ಯತೆ ಇದೆ. ಆಗ ಅವುಗಳ ನಡುವೆ ಬೇರೆ ಪಟ್ಟೆಗಳು ಹುಟ್ಟಿ ಲೆಕ್ಕ ಕೆಡುತ್ತದೆ. ಅದೇ ಕಾರಣಕ್ಕೆ ಇಲ್ಲಿ ಲೇಸರ್ ಬಳಸಬಾರದು. ಕಣ್ಣಿಗೆ ಅಪಾಯ ಅನ್ನುವುದಂತೂ ಇದ್ದೇ ಇದೆ.

ತೂತುಗಳನ್ನು ಅಕ್ಕಪಕ್ಕ ಇರುವಂತೆ ನಿಲ್ಲಿಸಿ, ಎರಡು ಮೀಟರ್ ದೂರ ಬನ್ನಿ. ಕನ್ನಡಕ ಇದ್ದರೆ ಹಾಕಿಕೊಂಡೇ ಇರಿ. ಬರಿಗಣ್ಣಿಗೆ ಎರಡು ಚುಕ್ಕಿ ಸ್ಪಷ್ಟವಾಗಿ ಕಾಣುತ್ತವೆ. ಈಗ 0.2 ಮಿಲಿಮೀಟರ್ ಸೀಳನ್ನು ಒಂದು ಕಣ್ಣಿನ ಮುಂದೆ, ರೆಪ್ಪೆಗೆ ತಾಗುವಷ್ಟು ಹತ್ತಿರ, ನೆಟ್ಟಗೆ ಹಿಡಿಯಿರಿ. ಇನ್ನೊಂದು ಕಣ್ಣು ಮುಚ್ಚಿ.

ಎರಡು ಚುಕ್ಕಿ ಹೋಗಿ ಒಂದೇ ಅಡ್ಡ ಗೆರೆ ಆಗುತ್ತದೆ. ಅದರ ಎರಡೂ ತುದಿಯಲ್ಲಿ ಮಂಕಾದ ಚಿಕ್ಕ ಪಟ್ಟಿಗಳೂ ಕಾಣಬಹುದು. ಅವುಗಳ ಒಳ ಅಂಚು ನೀಲಿಯ ಕಡೆಗೆ, ಹೊರ ಅಂಚು ಕೆಂಪಿನ ಕಡೆಗೆ ವಾಲಿರುತ್ತದೆ. ಬಿಳಿ ಬೆಳಕಿನಲ್ಲಿ ಕೆಂಪಿನ ತರಂಗದೂರ ದೊಡ್ಡದು, ಅದು ಜಾಸ್ತಿ ಹರಡುತ್ತದೆ. ನೀವು ಗೋಡೆಯ ಮೇಲೆ ನೋಡಿದ ಚಿತ್ರವೇ ಇದು, ಈ ಸಲ ರೆಟಿನಾದ ಮೇಲೆ ಬಿದ್ದಿದೆ.

ಸೀಳನ್ನು ಕಣ್ಣಿನ ಮುಂದೆಯೇ ನಿಧಾನವಾಗಿ ತಿರುಗಿಸಿ. ಅದು ಅಡ್ಡಕ್ಕೆ ಬಂದಾಗ ಗೆರೆ ಬಿಟ್ಟುಕೊಂಡು ಎರಡು ಉದ್ದುದ್ದ ಗೆರೆಗಳಾಗುತ್ತದೆ, ನಡುವೆ ಕತ್ತಲು. ತೂತುಗಳು ಅಲ್ಲೇ ಇವೆ, ನೀವೂ ಅಲ್ಲೇ ಇದ್ದೀರಿ, ಒಳಗೆ ಬರುವ ಬೆಳಕೂ ಅಷ್ಟೇ. ಬದಲಾಗಿದ್ದು ಯಾವ ದಿಕ್ಕಿನಲ್ಲಿ ಬಾಯಿ ಕಿರಿದಾಗಿದೆ ಎಂಬುದು ಮಾತ್ರ. ಬೇರ್ಪಡಿಸುವ ಶಕ್ತಿ ಇರುವುದು ಬಾಯಿಯ ಅಗಲದಲ್ಲಿ ಅನ್ನುವುದಕ್ಕೆ ಇಷ್ಟು ಕಡಿಮೆ ಖರ್ಚಿನ ಸಾಕ್ಷಿ ನನಗಂತೂ ಬೇರೆ ಗೊತ್ತಿಲ್ಲ.

ಲೆಕ್ಕ ಹೊಂದುತ್ತದೆಯೇ? ಟಾರ್ಚಿನ ಬೆಳಕಿಗೆ ನಡುವಿನ ಹಸಿರು, 550 ನ್ಯಾನೋಮೀಟರ್ ಹಿಡಿಯೋಣ.

```
θ = λ / a = 550e-9 / 2.0e-4 = 2.75e-3 ರೇಡಿಯನ್
ದೂರ = 2 mm / 2.75e-3 ≈ 730 mm
```

ಎರಡು ಮೀಟರಿನಲ್ಲಿ ಚುಕ್ಕಿಗಳ ನಡುವಿನ ಕೋನ ಬರೀ 0.001 ರೇಡಿಯನ್, ಅಂದರೆ ಮಿತಿಯ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಬೆರೆಯದೆ ಬೇರೆ ದಾರಿ ಇಲ್ಲ. ಸೀಳನ್ನು ಮತ್ತೆ ನೆಟ್ಟಗೆ ಹಿಡಿದು ಚುಕ್ಕಿಗಳ ಕಡೆ ನಡೆಯಿರಿ. ಸುಮಾರು 70 ಸೆಂಟಿಮೀಟರ್ ಹತ್ತಿರ ಬರುವಾಗ ಗೆರೆಯ ನಡುವೆ ಒಂದು ತಗ್ಗು ಕಾಣಿಸಿಕೊಳ್ಳಲು ಶುರುವಾಗಬೇಕು. ಒಬ್ಬರಿಗೆ 60ರಲ್ಲಿ, ಇನ್ನೊಬ್ಬರಿಗೆ 85ರಲ್ಲಿ ಕಂಡರೆ ತಲೆ ಕೆಡಿಸಿಕೊಳ್ಳಬೇಡಿ. ರ‍್ಯಾಲೀ ಗೆರೆ ಅಷ್ಟು ಹರಿತವಾದದ್ದಲ್ಲ. ಒಂದೂವರೆ ಮೀಟರಿನಲ್ಲೇ ಬೇರೆಯಾಗಿ ಕಂಡರೆ ಮಾತ್ರ ಏನೋ ತಪ್ಪಿದೆ. ಸೀಳಿನ ಅಗಲವಾದ ತುದಿಯಿಂದ ನೋಡುತ್ತಿದ್ದೀರಿ, ಇಲ್ಲವೇ ಸೀಳು ನೆಟ್ಟಗಿಲ್ಲದೆ ಓರೆಯಾಗಿದೆ.

ಸೀಳು ತೆಗೆದರೆ: ಕಣ್ಣಿನ ಸ್ವಂತ ಮಿತಿ

ಸೀಳು ತೆಗೆದ ಮೇಲೂ ಕಣ್ಣಿಗೆ ಒಂದು ಬಾಯಿ ಇದೆ, ಅದೇ ಪಾಪೆ. ಅದು ದುಂಡಗೆ. ದುಂಡು ತೂತಿನ ಅಂಚಿನ ಭಾಗಗಳು ಗಿಡ್ಡ, ನಡುವಿನ ಭಾಗ ಉದ್ದ. ಅಂಚು ಕಡಿಮೆ ಬೆಳಕು ಬಿಡುವುದರಿಂದ ಅಷ್ಟೇ ಅಗಲದ ಸೀಳಿಗಿಂತ ಅದು ಸ್ವಲ್ಪ ಕಿರಿದಾದ ಸೀಳಿನಂತೆ ವರ್ತಿಸುತ್ತದೆ. ಎಷ್ಟು ಕಿರಿದು ಎಂದು ಲೆಕ್ಕ ಹಾಕಿದಾಗ ಸಿಗುವುದೇ ಆ 1.22. ಖಗೋಳವಿಜ್ಞಾನಿ ಜಾರ್ಜ್ ಏರಿ 1835ರಲ್ಲಿ ಈ ಲೆಕ್ಕ ಮಾಡಿದರು. ನಡುವಿನ ಪಟ್ಟಿಯ ಬದಲು ದುಂಡನೆ ಬಿಲ್ಲೆ, ಬದಿಯ ಪಟ್ಟಿಗಳ ಬದಲು ಉಂಗುರಗಳು. ಆ ಬಿಲ್ಲೆಗೆ ಏರಿ ಬಿಲ್ಲೆ ಎಂದೇ ಹೆಸರು.

```
θ = 1.22 λ / D      (D = ದುಂಡು ಬಾಯಿಯ ವ್ಯಾಸ)
```

ಚೆನ್ನಾಗಿ ಬೆಳಕಿರುವ ಕೋಣೆಯಲ್ಲಿ ಪಾಪೆ ಸುಮಾರು 3 ಮಿಲಿಮೀಟರ್ ಇರುತ್ತದೆ. ಲೆಕ್ಕ ಹಾಕಿದರೆ ಮಿತಿ 0.000224 ರೇಡಿಯನ್. ಇಷ್ಟು ಸಣ್ಣ ಕೋನವನ್ನು ಆರ್ಕ್‌ಸೆಕೆಂಡಿನಲ್ಲಿ ಹೇಳುವುದು ರೂಢಿ. ಒಂದು ಡಿಗ್ರಿಗೆ 60 ಆರ್ಕ್‌ಮಿನಿಟ್, ಒಂದು ಆರ್ಕ್‌ಮಿನಿಟಿಗೆ 60 ಆರ್ಕ್‌ಸೆಕೆಂಡ್. ನಮ್ಮ ಉತ್ತರ 46 ಆರ್ಕ್‌ಸೆಕೆಂಡ್. 2 ಮಿಲಿಮೀಟರ್ ಪಾಪೆಗೆ 69. ಒಳ್ಳೆಯ ಕಣ್ಣಿಗೆ ರೂಢಿಯಲ್ಲಿ ಹೇಳುವ ಮಿತಿ 1 ಆರ್ಕ್‌ಮಿನಿಟ್, ಅಂದರೆ 60. ಇವೆರಡರ ನಡುವೆಯೇ ಬಂತು.

ಅದೇ ಎರಡು ತೂತುಗಳಿಂದ ಇದನ್ನೂ ನೋಡಬಹುದು. ದೀಪ ಉರಿಸಿಟ್ಟು, ಸೀಳಿಲ್ಲದೆ ಹಿಂದೆ ಹಿಂದೆ ನಡೆಯಿರಿ. ಎರಡು ಚುಕ್ಕಿ ಒಂದಾಗುವ ದೂರ ಗುರುತು ಮಾಡಿ. 60 ಆರ್ಕ್‌ಸೆಕೆಂಡಿಗೆ ಅದು ಸುಮಾರು 7 ಮೀಟರ್ ಆಗುತ್ತದೆ, ಹಾಗಾಗಿ ಉದ್ದನೆ ಪಡಸಾಲೆ ಬೇಕು. ಟಾರ್ಚು ತೀರಾ ಜೋರಾಗಿ ಕಣ್ಣು ಕುಕ್ಕಿದರೆ ಹಿಂದೆ ಇನ್ನೊಂದು ಕಾಗದ ಸೇರಿಸಿ. ಬರೀ 4 ಮೀಟರಿನಲ್ಲೇ ಚುಕ್ಕಿಗಳು ಬೆರೆತರೆ ಅದಕ್ಕೆ ವಿವರ್ತನೆ ಕಾರಣ ಅಲ್ಲ, ಹೆಚ್ಚಾಗಿ ಕನ್ನಡಕದ ನಂಬರು.

ಇಲ್ಲಿ ಒಂದು ಪ್ರಶ್ನೆ ಏಳಬೇಕು. ಕತ್ತಲಲ್ಲಿ ಪಾಪೆ 7 ಮಿಲಿಮೀಟರಿನವರೆಗೂ ಹಿಗ್ಗುತ್ತದೆ. ಸೂತ್ರದ ಪ್ರಕಾರ ಆಗ ಮಿತಿ 20 ಆರ್ಕ್‌ಸೆಕೆಂಡಿಗೆ ಇಳಿಯಬೇಕು. ಹಾಗಾದರೆ ರಾತ್ರಿ ನಮ್ಮ ನೋಟ ಇನ್ನೂ ಚುರುಕಾಗಬೇಕಲ್ವಾ? ಆಗುವುದಿಲ್ಲ. ಪಾಪೆ ಹಿಗ್ಗಿದಾಗ ಲೆನ್ಸಿನ ಅಂಚಿನ ಭಾಗವೂ ಕೆಲಸಕ್ಕೆ ಬರುತ್ತದೆ, ಅಲ್ಲಿ ಅದರ ಆಕಾರ ಅಷ್ಟು ಚೆನ್ನಾಗಿಲ್ಲ. ಬೆಳಕು ಒಂದೇ ಕಡೆ ಸೇರದೆ ಕಲಸಿಹೋಗುತ್ತದೆ. ಜೊತೆಗೆ ರೆಟಿನಾದ ನಡುವೆ ಬೆಳಕು ಹಿಡಿಯುವ ಶಂಕುಕೋಶಗಳು ಸುಮಾರು ಎರಡೂವರೆ ಮೈಕ್ರೋಮೀಟರಿಗೆ ಒಂದರಂತೆ ಕೂತಿವೆ. ಕೋನದಲ್ಲಿ ಹೇಳಿದರೆ ಒಂದಕ್ಕೂ ಇನ್ನೊಂದಕ್ಕೂ 30 ಆರ್ಕ್‌ಸೆಕೆಂಡ್. ಎರಡು ಚುಕ್ಕಿ ಬೇರೆ ಎಂದು ತಿಳಿಯಲು ನಡುವೆ ಬೆಳಕು ಕಡಿಮೆ ಬಿದ್ದ ಒಂದು ಕೋಶವಾದರೂ ಬೇಕು. ಎರಡು ಸಲ 30, ಅಂದರೆ ಮತ್ತೆ 60. ಲೆನ್ಸು ಕೊಡುವಷ್ಟು ಚಿತ್ರವನ್ನು ಹಿಡಿಯಲು ಎಷ್ಟು ಬೇಕೋ ಅಷ್ಟೇ ಒತ್ತಾಗಿ ಕೋಶಗಳಿವೆ.

ಟೆಲಿಸ್ಕೋಪಿನ ಬಾಯಿಗೆ

550 ನ್ಯಾನೋಮೀಟರ್ ಬೆಳಕಿಗೆ ಮೇಲಿನ ಸೂತ್ರವನ್ನು ಆರ್ಕ್‌ಸೆಕೆಂಡಿಗೆ ತಿರುಗಿಸಿ ಇಟ್ಟುಕೊಂಡರೆ ಆಕಾಶ ನೋಡುವವರಿಗೆ ತುಂಬಾ ಉಪಯೋಗ:

```
ಮಿತಿ (ಆರ್ಕ್‌ಸೆಕೆಂಡ್) = 138 / D (ಮಿಲಿಮೀಟರ್)
```

60 ಮಿಲಿಮೀಟರ್ ಟೆಲಿಸ್ಕೋಪಿಗೆ 2.3, 100 ಮಿಲಿಮೀಟರಿಗೆ 1.4. ಹವ್ಯಾಸಿಗಳು 138ರ ಬದಲು 116 ಬಳಸುವುದನ್ನೂ ನೋಡಿರುತ್ತೀರಿ. ಅದು ಡಾಸ್ ಮಿತಿ. ವಿಲಿಯಂ ಡಾಸ್ ನಿಜವಾದ ಜೋಡಿ ನಕ್ಷತ್ರಗಳನ್ನು ನೋಡಿ ನೋಡಿ ಕಂಡುಕೊಂಡ ಸಂಖ್ಯೆ. ಸರಿಸಮ ಹೊಳಪಿನ ಜೋಡಿಯಾದರೆ ಪಳಗಿದ ಕಣ್ಣು ರ‍್ಯಾಲೀ ಗೆರೆಯನ್ನೂ ಸ್ವಲ್ಪ ದಾಟುತ್ತದೆ ಎಂದು ಇದರಿಂದ ಗೊತ್ತಾಗುತ್ತದೆ.

ಪರೀಕ್ಷೆಗೆ ಸಪ್ತರ್ಷಿ ಮಂಡಲದ ವಸಿಷ್ಠನನ್ನು ಹಿಡಿಯೋಣ. ಬಾಲದ ಮೂರು ನಕ್ಷತ್ರಗಳಲ್ಲಿ ನಡುವಿನದು. ಪಕ್ಕದಲ್ಲಿ ಮಂಕಾಗಿ ಕಾಣುವ ಅರುಂಧತಿ ಅದರಿಂದ 12 ಆರ್ಕ್‌ಮಿನಿಟ್ ದೂರ. ಕಣ್ಣಿನ ಮಿತಿಯ ಹನ್ನೆರಡು ಪಟ್ಟು. ಹಾಗಾಗಿ ಬರಿಗಣ್ಣಿಗೇ ಬೇರೆಯಾಗಿ ಕಾಣುತ್ತದೆ. ಕಾಣದವರಿಗೆ ಕನ್ನಡಕ ಬೇಕು, ಇಲ್ಲ ಆಕಾಶ ಮಸುಕಾಗಿದೆ. ಆದರೆ ವಸಿಷ್ಠನೇ ಇಬ್ಬರು. ಟೆಲಿಸ್ಕೋಪಿನಲ್ಲಿ ಅದು 14.4 ಆರ್ಕ್‌ಸೆಕೆಂಡ್ ಅಂತರದ ಎರಡು ನಕ್ಷತ್ರವಾಗಿ ಒಡೆಯುತ್ತದೆ. ಒಂದರ ಹೊಳಪು ಇನ್ನೊಂದರ ನಾಲ್ಕೈದು ಪಟ್ಟು.

14.4 ಆರ್ಕ್‌ಸೆಕೆಂಡಿಗೆ ಬೇಕಾದ ಬಾಯಿ 138 / 14.4, ಅಂದರೆ 10 ಮಿಲಿಮೀಟರೂ ಇಲ್ಲ. ಯಾವ ಸಣ್ಣ ಟೆಲಿಸ್ಕೋಪಾದರೂ ಇದನ್ನು ಒಡೆಯುತ್ತದೆ. ನಾವು ಮಾಡಬೇಕಾದ್ದು ತಿರುಗುಮುರುಗು ಕೆಲಸ: ಬಾಯಿ ಕಟ್ಟಿ ಅದನ್ನು ಮತ್ತೆ ಒಂದು ಮಾಡುವುದು.

ಮುಂದೆ ಲೆನ್ಸು ಇರುವ 60 ಅಥವಾ 80 ಮಿಲಿಮೀಟರ್ ಟೆಲಿಸ್ಕೋಪು ತೆಗೆದುಕೊಳ್ಳಿ. ಕನ್ನಡಿ ಟೆಲಿಸ್ಕೋಪಿನಲ್ಲಿ ಬಾಯಿಯ ನಡುವೆಯೇ ಚಿಕ್ಕ ಕನ್ನಡಿ ಅಡ್ಡ ಇರುತ್ತದೆ, ಈ ಆಟಕ್ಕೆ ಅದು ಸರಿಯಲ್ಲ. 60 ಪಟ್ಟು ಹಿಗ್ಗಿಸುವಂತೆ ಐಪೀಸ್ ಹಾಕಿ ವಸಿಷ್ಠನನ್ನು ಎರಡಾಗಿ ಕಾಣುವಂತೆ ಫೋಕಸ್ ಮಾಡಿ. ಆಮೇಲೆ ಕಪ್ಪು ರಟ್ಟಿನಲ್ಲಿ 6 ಮಿಲಿಮೀಟರ್ ಅಗಲದ, ಬಾಯಿಯ ಉದ್ದಕ್ಕೂ ಹೋಗುವ ಸೀಳು ಕತ್ತರಿಸಿ ಮುಂದಿನ ಲೆನ್ಸಿನ ಮುಂದೆ ಮುಚ್ಚಳದಂತೆ ಕೂರಿಸಿ. ಸುಲಭವಾಗಿ ತಿರುಗಬೇಕು, ಬೀಳಬಾರದು.

ಸೀಳಿನ ಕಿರಿದಾದ ದಿಕ್ಕಿನಲ್ಲಿ ಮಿತಿ λ/a, ಲೆಕ್ಕ ಹಾಕಿದರೆ ಸುಮಾರು 19 ಆರ್ಕ್‌ಸೆಕೆಂಡ್. ಉದ್ದದ ದಿಕ್ಕಿನಲ್ಲಿ 2ರ ಆಸುಪಾಸು. ನಕ್ಷತ್ರಗಳು ಚುಕ್ಕಿ ಹೋಗಿ ಗೆರೆಗಳಾಗಿ ಕಾಣುತ್ತವೆ. ರಟ್ಟನ್ನು ನಿಧಾನ ತಿರುಗಿಸುತ್ತಾ ಹೋಗಿ. ಒಂದು ಕಡೆ ಎರಡು ಗೆರೆ ಅಕ್ಕಪಕ್ಕ ಸಮಾನಾಂತರವಾಗಿ ನಿಲ್ಲುತ್ತವೆ. ಅಲ್ಲಿಂದ 90 ಡಿಗ್ರಿ ತಿರುಗಿಸಿದರೆ ಒಂದರ ಮೇಲೊಂದು ಜಾರಿ ಒಂದೇ ಗೆರೆ ಆಗುತ್ತವೆ. ಐಪೀಸಿನ ಮುಂದೆ ಓರೆ ಕನ್ನಡಿ ಇದ್ದರೆ ಚಿತ್ರ ಎಡಬಲ ಆಗಿರುತ್ತದೆ. ದಿಕ್ಕಿನ ಲೆಕ್ಕಕ್ಕೆ ಹೋಗಬೇಡಿ, ಸುಮ್ನೆ ತಿರುಗಿಸುತ್ತಾ ನೋಡಿ.

ಒಂದಾಗಿ ಕಾಣುವ ಜಾಗದಲ್ಲಿ ರಟ್ಟನ್ನು ಬಿಟ್ಟು, ಐಪೀಸ್ ಬದಲಿಸಿ 120 ಪಟ್ಟು ಮಾಡಿ. ಗೆರೆ ಎರಡು ಪಟ್ಟು ದೊಡ್ಡದಾಗುತ್ತದೆ, ಮಂಕಾಗುತ್ತದೆ, ಆದರೆ ಒಡೆಯುವುದಿಲ್ಲ. ಹಿಗ್ಗಿಸುವುದು ಐಪೀಸಿನ ಕೆಲಸ, ಬೇರ್ಪಡಿಸುವುದು ಬಾಯಿಯ ಕೆಲಸ. ಬಾಯಿಯಲ್ಲಿ ಕಳೆದುಹೋದದ್ದನ್ನು ಐಪೀಸ್ ವಾಪಸು ತರಲಾರದು.

ಹಾಗಾದರೆ ಎಷ್ಟು ಹಿಗ್ಗಿಸಬೇಕು? ಟೆಲಿಸ್ಕೋಪು ಬೇರ್ಪಡಿಸಿದ 138/D ಆರ್ಕ್‌ಸೆಕೆಂಡನ್ನು ಕಣ್ಣು ಹಿಡಿಯುವಷ್ಟು ದೊಡ್ಡದು ಮಾಡಬೇಕು. D ಪಟ್ಟು ಹಿಗ್ಗಿಸಿದರೆ, ಅಂದರೆ 60 ಮಿಲಿಮೀಟರಿಗೆ 60 ಪಟ್ಟು, ಅದು 138 ಆರ್ಕ್‌ಸೆಕೆಂಡ್ ಆಗುತ್ತದೆ. ಕಣ್ಣಿನ 60ಕ್ಕಿಂತ ಎರಡು ಪಟ್ಟು ಜಾಸ್ತಿ, ಆರಾಮಾಗಿ ಕಾಣುತ್ತದೆ. ಇನ್ನೂ ಎರಡು ಪಟ್ಟಿನವರೆಗೆ ಏರಿಸಬಹುದು. ಅದರಾಚೆ ಸಿಗುವುದು ದೊಡ್ಡದಾದ ಮಸುಕು. ಸಣ್ಣ ಟೆಲಿಸ್ಕೋಪಿನ ಡಬ್ಬಿಯ ಮೇಲೆ 500 ಪಟ್ಟು ಎಂದು ಬರೆದಿದ್ದರೆ ಆ ಸಂಖ್ಯೆಯನ್ನು ಬಿಟ್ಟು ಬಾಯಿಯ ವ್ಯಾಸ ಎಷ್ಟು ಎಂದು ನೋಡಿ.

ಸೂತ್ರದಲ್ಲಿ λ ಮೇಲೆ ಇರುವುದನ್ನೂ ಮರೆಯಬಾರದು. ಜರ್ಮನಿಯ ಎಫೆಲ್ಸ್‌ಬರ್ಗಿನ ರೇಡಿಯೋ ದೂರದರ್ಶಕದ ತಟ್ಟೆ 100 ಮೀಟರ್ ವ್ಯಾಸದ್ದು. 21 ಸೆಂಟಿಮೀಟರ್ ಅಲೆಯಲ್ಲಿ ಅದರ ಮಿತಿ ಸುಮಾರು 9 ಆರ್ಕ್‌ಮಿನಿಟ್. ಬರೀ ಸಣ್ಣ ವಿವರ ಬೇರ್ಪಡಿಸುವ ಲೆಕ್ಕದಲ್ಲಿ ನಿಮ್ಮ ಕಣ್ಣು ಅದಕ್ಕಿಂತ ಒಂಬತ್ತು ಪಟ್ಟು ಮುಂದೆ. ರೇಡಿಯೋ ಖಗೋಳದವರು ದೂರ ದೂರದ ತಟ್ಟೆಗಳನ್ನು ಒಟ್ಟಿಗೆ ಜೋಡಿಸಿ ನೋಡುವುದು ಇದಕ್ಕೇ.

ಗಾಳಿ ಅಡ್ಡ ಬಂದಾಗ

ಸೂತ್ರ ನಂಬಿ 200 ಮಿಲಿಮೀಟರ್ ಟೆಲಿಸ್ಕೋಪು ಕೊಂಡವರು 0.7 ಆರ್ಕ್‌ಸೆಕೆಂಡ್ ನಿರೀಕ್ಷಿಸುತ್ತಾರೆ. ಸಾಮಾನ್ಯ ಜಾಗದಲ್ಲಿ ಹೆಚ್ಚಿನ ರಾತ್ರಿ ಅದು ಸಿಗುವುದಿಲ್ಲ. ಬಿಸಿ ತಣ್ಣನೆ ಗಾಳಿಯ ಪದರಗಳು ಬೆಳಕನ್ನು ಅಲ್ಲಾಡಿಸಿ ನಕ್ಷತ್ರವನ್ನು ಒಂದೆರಡು ಆರ್ಕ್‌ಸೆಕೆಂಡಿನಷ್ಟು, ಕೆಟ್ಟ ರಾತ್ರಿ ಇನ್ನೂ ಜಾಸ್ತಿ ಹರಡಿಬಿಡುತ್ತವೆ. ದೊಡ್ಡ ಬಾಯಿ ಬೆಳಕನ್ನು ಜಾಸ್ತಿ ಹಿಡಿಯುತ್ತದೆ, ನಿಜ. ಬೇರ್ಪಡಿಸುವ ಶಕ್ತಿ ಮಾತ್ರ ಗಾಳಿ ಬಿಟ್ಟಷ್ಟೇ. ಹಬಲ್ ದೂರದರ್ಶಕದ ಕನ್ನಡಿ 2.4 ಮೀಟರ್, ಇವತ್ತಿನ ಲೆಕ್ಕದಲ್ಲಿ ದೊಡ್ಡದೇನಲ್ಲ. ಆದರೆ ಅದು ಗಾಳಿಯ ಮೇಲಿದೆ, ಹಾಗಾಗಿ ತನ್ನ 0.06 ಆರ್ಕ್‌ಸೆಕೆಂಡ್ ಮಿತಿಯ ಹತ್ತಿರ ಕೆಲಸ ಮಾಡುತ್ತದೆ.

ನಿಮ್ಮನ್ನು ತಡೆಯುತ್ತಿರುವುದು ವಿವರ್ತನೆಯೋ ಗಾಳಿಯೋ ಎಂದು ಹೇಗೆ ತಿಳಿಯುವುದು? ಒಂದು ಹೊಳೆಯುವ ನಕ್ಷತ್ರವನ್ನು ಬಾಯಿಯ ಪ್ರತಿ ಮಿಲಿಮೀಟರಿಗೆ ಎರಡು ಪಟ್ಟಿನಂತೆ ಹಿಗ್ಗಿಸಿ ನೋಡಿ. ಟೆಲಿಸ್ಕೋಪನ್ನು ಅದಕ್ಕೆ ಮುಂಚೆ ಅರ್ಧ ಗಂಟೆ ಹೊರಗಿಟ್ಟಿರಬೇಕು, ಕೊಳವೆಯೊಳಗಿನ ಬೆಚ್ಚನೆ ಗಾಳಿಯೇ ಮೋಸ ಮಾಡುತ್ತದೆ. ನಡುವೆ ನಿಶ್ಚಲವಾದ ಚಿಕ್ಕ ಬಿಲ್ಲೆ, ಸುತ್ತ ಒಂದೆರಡು ತೆಳು ಉಂಗುರ ಕಂಡರೆ ನೀವು ವಿವರ್ತನೆಯ ಗಡಿ ಮುಟ್ಟಿದ್ದೀರಿ. ಇನ್ನು ಬೇಕೆಂದರೆ ದೊಡ್ಡ ಬಾಯಿಯೇ ಬೇಕು. ಉಂಗುರದ ಸುಳಿವಿಲ್ಲದೆ ಕುದಿಯುತ್ತಿರುವ ಬೆಳಕಿನ ಮುದ್ದೆ ಕಂಡರೆ ಗಾಳಿ ಕಾರಣ. ಆಗ ರಟ್ಟಿನಲ್ಲಿ 60 ಮಿಲಿಮೀಟರಿನ ದುಂಡು ತೂತು ಕತ್ತರಿಸಿ ಬಾಯಿಗೆ ಮುಚ್ಚಿ ನೋಡಿ. ಕನ್ನಡಿ ಟೆಲಿಸ್ಕೋಪಾದರೆ ತೂತು ನಡುವೆ ಬೇಡ, ಪಕ್ಕಕ್ಕೆ ಇರಲಿ. ಬಾಯಿ ಚಿಕ್ಕದಾದ ಮೇಲೆ ನಕ್ಷತ್ರ ಶಾಂತವಾಗಿ ಬಿಲ್ಲೆ, ಉಂಗುರ ಕಂಡರೆ, ಆ ರಾತ್ರಿಯ ಮಟ್ಟಿಗೆ ನಿಮ್ಮ 200 ಮಿಲಿಮೀಟರಿಗೂ ಆ 60ಕ್ಕೂ ವಿವರ ಬೇರ್ಪಡಿಸುವುದರಲ್ಲಿ ಹೆಚ್ಚು ವ್ಯತ್ಯಾಸ ಇಲ್ಲ. ಒತ್ತೊತ್ತಾದ ಜೋಡಿಗಳನ್ನು ಇನ್ನೊಂದು ರಾತ್ರಿಗೆ ಬಿಟ್ಟು, ಅಗಲ ಅಂತರದವನ್ನು ನೋಡಿ.